ಮೂಲೆಯ ಕಾಲಂನಲ್ಲಿ ಕಾಣದ ರಿಂಗುಗಳು

ಗುವಾಹಟಿಯ ಒಂದು ವಸತಿ ಕಟ್ಟಡದ ಕಂಬಿ ಡ್ರಾಯಿಂಗ್‌ಗಳು ಪರಿಶೀಲನೆಗೆಂದು ಬೆಂಗಳೂರಿನ ನಮ್ಮ ಕಚೇರಿಗೆ ಬಂದಿದ್ದವು. ಅದು ಭೂಕಂಪದ ಅಪಾಯ ಅತಿ ಹೆಚ್ಚಿರುವ ಪ್ರದೇಶ. ಹಾಗಾಗಿ ಲೆಕ್ಕದ ಪುಟಗಳನ್ನು ಪಕ್ಕಕ್ಕಿಟ್ಟು ಮೊದಲು ಮೂಲೆಯ ಕಾಲಂನ ಜೋಡಣೆ ನೋಡಿದೆ. 450 × 450 ಕಾಲಂ, ಅದಕ್ಕೆ ಎರಡು ಕಡೆಯಿಂದ 600 ಮಿ.ಮೀ. ಆಳದ ಬೀಮ್‌ಗಳು. ಕಾಲಂನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳು 100 ಮಿ.ಮೀ.ಗೆ ಒಂದರಂತೆ ಬೀಮ್‌ನ ತಳದವರೆಗೆ ಬಂದು ನಿಂತಿದ್ದವು. ಮತ್ತೆ ಶುರುವಾದದ್ದು ಸ್ಲ್ಯಾಬಿನ ಮೇಲೆ. ನಡುವಿನ 600 ಮಿ.ಮೀ., ಅಂದರೆ ಬೀಮ್ ಮತ್ತು ಕಾಲಂ ಸೇರುವ ಜಾಯಿಂಟ್, ಖಾಲಿ.

ಭೂಮಿ ಅಲುಗಿದಾಗ ಬೀಮ್‌ನ ಕಂಬಿಗಳು ಎಳೆದಾಡುವುದು ಆ ಖಾಲಿ ಜಾಗವನ್ನೇ. ಕಾಂಕ್ರೀಟು ಓರೆಯಾಗಿ ಬಿರಿಯುತ್ತದೆ, ಹಿಡಿದಿಡಲು ರಿಂಗ್ ಇಲ್ಲದಿದ್ದರೆ ಕಾಲಂ ಕಂಬಿಗಳು ಹೊರಗೆ ಬಾಗುತ್ತವೆ. ನಾನು ಕಾಮೆಂಟ್ ಬರೆದೆ. ತಿದ್ದಿದ ಪ್ರತಿಯಲ್ಲಿ ರಿಂಗುಗಳು ಬಂದವು, ಆದರೆ 150 ಮಿ.ಮೀ. ಅಂತರದಲ್ಲಿ.

ವಿನ್ಯಾಸ ಮಾಡಿದ ಯುವಕನಿಗೆ ಫೋನ್ ಮಾಡಿದೆ.

“ಜಾಯಿಂಟಿನಲ್ಲಿ ಅರ್ಧದಷ್ಟು ರಿಂಗ್ ಸಾಕು ಅಂತ ಭೂಕಂಪದ ಕೋಡ್ ಐಎಸ್ 13920 ಹೇಳುತ್ತಲ್ಲ ಸರ್?”

“ನಾಲ್ಕೂ ಮುಖಕ್ಕೆ ಬೀಮ್ ಬಂದು, ಪ್ರತಿ ಮುಖದ ಅಗಲದ ಮುಕ್ಕಾಲು ಭಾಗವಾದರೂ ಮುಚ್ಚಿದರೆ ಮಾತ್ರ ಕಣಪ್ಪ. ಇಲ್ಲಿ ಇರೋದೇ ಎರಡು ಬೀಮ್.”

ಒಳಗಿನ ಕಾಲಂನ ವಿವರವನ್ನೇ ಮೂಲೆಗೂ ನಕಲು ಮಾಡಿದ್ದರು. ಅಂತರದ ಮಿತಿ ಕಾಲಂ ಅಗಲದ ಕಾಲು ಭಾಗ, ಅಂದರೆ 112, ಕಾಲಂನ 20 ಮಿ.ಮೀ. ಕಂಬಿಯ ವ್ಯಾಸದ ಆರು ಪಟ್ಟು, 120, ಇಲ್ಲವೇ 100. ಇವುಗಳಲ್ಲಿ ಚಿಕ್ಕದು 100. ಬೀಮ್‌ನ ಆಳಕ್ಕೆ ಸುಮಾರು ಆರು ರಿಂಗ್, ಎಲ್ಲಕ್ಕೂ 135 ಡಿಗ್ರಿ ಕೊಕ್ಕೆ.

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಬೀಮ್‌ನ ಕೆಳಗಿನ 16 ಮಿ.ಮೀ. ಕಂಬಿ. ಮೇಲಿನವನ್ನು ಬಾಗಿಸಿ ಕಾಲಂ ಒಳಗೆ ಇಳಿಸಿದ್ದರು. ಕೆಳಗಿನವು ನೇರವಾಗಿ 380 ಮಿ.ಮೀ. ಹೋಗಿ ನಿಂತಿದ್ದವು. ಬರೀ ಭಾರಕ್ಕಾದರೆ ಆಧಾರದ ಬಳಿ ಕೆಳಗಿನ ಕಂಬಿಗೆ ಎಳೆತವಿಲ್ಲ. ಕಂಪನದಲ್ಲಿ ಎಳೆತ ಮೇಲಕ್ಕೂ ಕೆಳಕ್ಕೂ ಅದಲುಬದಲಾಗುತ್ತದೆ. ಹೀಗೆ ನಿಂತ ಕಂಬಿ ಜಾರಿ ಬರಬಹುದು. ಎಂ30 ಕಾಂಕ್ರೀಟಿಗೆ, 500 ದರ್ಜೆಯ ಕಂಬಿಗೆ ಜಾರದಂತೆ ಕಾಂಕ್ರೀಟಿನೊಳಗೆ ಇರಬೇಕಾದ ಹಿಡಿತದ ಉದ್ದ ಸುಮಾರು 725 ಮಿ.ಮೀ. ಅದಕ್ಕೆ ವ್ಯಾಸದ ಹತ್ತು ಪಟ್ಟು, 160 ಸೇರಿಸಿ, 90 ಡಿಗ್ರಿ ಬಾಗಿಗೆ 128 ಕಳೆದರೆ 757. ಕೊಟ್ಟದ್ದು ಅದರ ಅರ್ಧ. ಉಳಿದ 380ರಷ್ಟನ್ನು ಮೇಲಕ್ಕೆ, ಜಾಯಿಂಟಿನ ಒಳಕ್ಕೇ ಬಾಗಿಸಬೇಕೆಂದು ಕೆಂಪಿನಲ್ಲಿ ಗೆರೆ ಎಳೆದು ತೋರಿಸಿದೆ.

“ಕೋಡ್ ಪ್ರಕಾರ ಅಂತ ನೋಟ್ ಹಾಕಿದ್ದೀವಲ್ಲ ಸರ್?” ಎಂದ. ಕಂಬಿ ಬಗ್ಗಿಸುವವರ ಕೈಯಲ್ಲಿರುವುದು ಡ್ರಾಯಿಂಗ್, ಕೋಡ್ ಅಲ್ಲ. ಅದಕ್ಕೇ ಜೋಡಿಸುವ ಕ್ರಮವನ್ನೂ ಬರೆಸಿದೆ: ಬೀಮ್ ಪಂಜರ ಸೆಂಟ್ರಿಂಗ್ ಮೇಲಿರುವಾಗಲೇ ಜಾಯಿಂಟಿನ ರಿಂಗುಗಳನ್ನು ಕಾಲಂ ಕಂಬಿಗಳಿಗೆ ತೊಡಿಸಿ ಒಟ್ಟಿಗೆ ಪೇರಿಸಬೇಕು, ಆಮೇಲೆ ಬೀಮ್‌ನ ಮೇಲಿನ ಕಂಬಿ ತೂರಿಸಿ ಪಂಜರ ಇಳಿಸಬೇಕು, ಕೊನೆಗೆ ರಿಂಗುಗಳನ್ನು ತಮ್ಮ ಜಾಗಕ್ಕೆ ಎತ್ತಿ ಕಟ್ಟಬೇಕು. ಪಂಜರ ಇಳಿದ ಮೇಲೆ ಮುಚ್ಚಿದ ರಿಂಗನ್ನು ಒಳಗೆ ಹಾಕಲು ದಾರಿಯೇ ಇರುವುದಿಲ್ಲ.