ಮೂರನೇ ತರಗತಿಯ ಊಟದ ಡಬ್ಬಿ: ಗಾತ್ರ ಬೇರೆ, ಸತ್ವ ಬೇರೆ

“ಮೇಡಂ, ಮೂರನೇ ಕ್ಲಾಸಿನ ಮಗಳ ಡಬ್ಬಿಗೆ ನಿಜವಾಗಿ ಎಷ್ಟು ಹಾಕಬೇಕು? ತುಂಬಿ ಕಳಿಸಿದರೆ ಅರ್ಧ ವಾಪಸ್ ಬರುತ್ತದೆ, ಕಡಿಮೆ ಮಾಡಿದರೆ ಸಂಜೆ ಬಂದವಳೇ ಹಸಿವು ಅಂತ ಅಳುತ್ತಾಳೆ.”

ಮಧ್ಯಾಹ್ನದ ಊಟದ ಡಬ್ಬಿಯಲ್ಲಿ ಸುಮಾರು 450 ಕ್ಯಾಲರಿ ಮತ್ತು 10ರಿಂದ 12 ಗ್ರಾಂ ಪ್ರೋಟೀನ್ ಇರಲಿ. ಚಿಕ್ಕ ಬಿಡುವಿನ ಡಬ್ಬಿಯಲ್ಲಿ 150 ಕ್ಯಾಲರಿ ಇರಲಿ. ಆದರೆ ಇಷ್ಟನ್ನೂ 200ರಿಂದ 250 ಗ್ರಾಂ ಆಹಾರದೊಳಗೆ ಹೊಂದಿಸಬೇಕು. ಏಕೆಂದರೆ ಎಂಟು ವರ್ಷದ ಹುಡುಗಿ ಇಪ್ಪತ್ತು ನಿಮಿಷದ ಬಿಡುವಿನಲ್ಲಿ, ಆರಿದ ಊಟವನ್ನು, ಗೆಳತಿಯರೊಡನೆ ಮಾತನಾಡುತ್ತಾ ತಿನ್ನುವುದು ಬಹುಮಟ್ಟಿಗೆ ಅಷ್ಟೇ. ತಾಯಂದಿರು ಡಬ್ಬಿಯನ್ನು ಕಣ್ಣಳತೆಯಲ್ಲಿ ತುಂಬುತ್ತಾರೆ, ಮಗು ಹೊಟ್ಟೆಯಳತೆಯಲ್ಲಿ ತಿನ್ನುತ್ತದೆ, ಮೈಗೆ ಬೇಕಾದದ್ದು ಇವೆರಡೂ ಅಲ್ಲದ ಮೂರನೆಯ ಅಳತೆ. ನಿಮ್ಮ ತೊಂದರೆ ಹುಟ್ಟುವುದು ಇಲ್ಲಿಯೇ.

450 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 7ರಿಂದ 9 ವರ್ಷದ, ಸುಮಾರು 25 ಕಿಲೋ ತೂಕದ ಮಗುವಿಗೆ ದಿನಕ್ಕೆ 1700 ಕ್ಯಾಲರಿ ಬೇಕು. ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತುವ ಮಗು ಒಂದು ದೋಸೆ, ಅರ್ಧ ಲೋಟ ಹಾಲಿಗಿಂತ ಹೆಚ್ಚು ತೆಗೆದುಕೊಳ್ಳುವುದು ಅಪರೂಪ; ಅದು ಸುಮಾರು 300. ಸಂಜೆಯ ಹಾಲು ಮತ್ತು ತಿಂಡಿಗೆ 300, ರಾತ್ರಿಯ ಊಟಕ್ಕೆ 500 ಹಿಡಿದರೆ, ಉಳಿದ 600 ಶಾಲೆಯಲ್ಲಿಯೇ ಹೊಟ್ಟೆಗೆ ಹೋಗಬೇಕು. ಅದರಲ್ಲಿ 150 ಚಿಕ್ಕ ಬಿಡುವಿಗೆ, 450 ಊಟಕ್ಕೆ. ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯವರೆಗೆ ನಿಗದಿಯಾಗಿರುವ ಪ್ರಮಾಣವೂ ಇದೇ: 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ಆದ್ದರಿಂದ ಈ ಅಳತೆಯನ್ನು ನಾನು ನಂಬಿಕೊಂಡು ಹೇಳುತ್ತೇನೆ.

ಆದರೆ ಬಿಸಿಯೂಟದ ಪದಾರ್ಥಗಳನ್ನು ಹಾಗೆಯೇ ಡಬ್ಬಿಗೆ ಇಳಿಸಲು ಬರುವುದಿಲ್ಲ. ಅಲ್ಲಿ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಮತ್ತು 5 ಗ್ರಾಂ ಎಣ್ಣೆ. 100 ಗ್ರಾಂ ಅಕ್ಕಿ ಬೆಂದರೆ ಹೆಚ್ಚು ಕಡಿಮೆ 300 ಗ್ರಾಂ ಅನ್ನವಾಗುತ್ತದೆ, ಅದರ ಮೇಲೆ ಸಾಂಬಾರು. ತಟ್ಟೆಯಲ್ಲಿ ಬಿಸಿಬಿಸಿಯಾಗಿ ಬಡಿಸಿದಾಗ ಮಕ್ಕಳು ಅದನ್ನು ಉಣ್ಣುತ್ತಾರೆ. ಅಷ್ಟನ್ನೇ ಬೆಳಿಗ್ಗೆ ಆರೂವರೆಗೆ ಡಬ್ಬಿಗೆ ಒತ್ತಿ ತುಂಬಿದರೆ, ಹನ್ನೆರಡೂವರೆಗೆ ತೆರೆಯುವಾಗ ಅನ್ನವು ಸಾರನ್ನೆಲ್ಲ ಹೀರಿಕೊಂಡು ಮುದ್ದೆಯಾಗಿರುತ್ತದೆ.

ನಮ್ಮ ಬೀದಿಯ ಒಬ್ಬ ತಾಯಿ ನಿಮ್ಮ ಹಾಗೆಯೇ ಕೇಳಿದಾಗ, ಅಡುಗೆಮನೆಯ ಚಿಕ್ಕ ತಕ್ಕಡಿಯನ್ನು ಅವರಿಗೆ ಕೊಟ್ಟು, ಐದು ದಿನ ಡಬ್ಬಿಯನ್ನು ಹೋಗುವಾಗಲೂ ಬಂದ ಮೇಲೂ ತೂಗಿ ಬರೆದಿಡಲು ಹೇಳಿದೆ. ಖಾಲಿ ಡಬ್ಬಿಯ ತೂಕವನ್ನು ಮೊದಲೇ ಕಳೆದಿದ್ದೆವು. ಮಂಗಳವಾರ 300 ಗ್ರಾಂ ಅನ್ನ-ಸಾರು ಹೋಗಿತ್ತು, 100 ಗ್ರಾಂ ಮರಳಿ ಬಂದಿತ್ತು. “ಮುಕ್ಕಾಲು ಪಾಲು ತಿಂದಿದ್ದಾಳಲ್ಲ” ಎಂದು ತಾಯಿ ಸಮಾಧಾನಪಟ್ಟುಕೊಂಡರು. ಆದರೆ ತಿಂದದ್ದು ಮೂರರಲ್ಲಿ ಎರಡು ಪಾಲು ಮಾತ್ರ. ತಿಳಿಸಾರು ಕಲಸಿದ ಅನ್ನದಲ್ಲಿ 100 ಗ್ರಾಂಗೆ ಸುಮಾರು 90 ಕ್ಯಾಲರಿ ಇರುವುದರಿಂದ, 200 ಗ್ರಾಂ ತಿಂದ ಮಗುವಿಗೆ ಸಿಕ್ಕಿದ್ದು 180. ಡಬ್ಬಿ ಪೂರ್ತಿ ಖಾಲಿಯಾಗಿದ್ದರೂ 270ಕ್ಕೆ ನಿಲ್ಲುತ್ತಿತ್ತು. ಸಂಜೆಯ ಅಳುವಿಗೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಮೂರು ಇಡ್ಲಿ ಕಳಿಸಿದ ದಿನದ ಲೆಕ್ಕವೂ ಹಾಗೆಯೇ ಬಂತು: ಡಬ್ಬಿ ನೋಡಲು ತುಂಬಿರುತ್ತದೆ, ಆದರೆ ಇಡ್ಲಿ ಒಂದಕ್ಕೆ 55ರಂತೆ ಒಟ್ಟು 165.

ಗುರುವಾರ ಅದೇ ಡಬ್ಬಿಗೆ ಚಿತ್ರಾನ್ನ ಮಾಡಿಸಿದೆ. 160 ಗ್ರಾಂ ಅನ್ನ, ಅಂದರೆ 208 ಕ್ಯಾಲರಿ. ಒಗ್ಗರಣೆಗೆ ಎರಡು ಚಹಾ ಚಮಚ ಎಣ್ಣೆ, 90. ಕಡಲೆಕಾಯಿ ಬೀಜ 20 ಗ್ರಾಂ, ಎಂದರೆ ಮಗುವಿನ ಒಂದು ಹಿಡಿ, ಸುಮಾರು 113. ಕಡಲೆಬೇಳೆ ಮತ್ತು ಉದ್ದಿನಬೇಳೆ ಸೇರಿ ಒಂದು ಚಮಚ, 17. ಮೇಲೆ ಒಂದಿಷ್ಟು ತುರಿದ ಕ್ಯಾರೆಟ್. ತೂಕ 200 ಗ್ರಾಂಗಿಂತ ತುಸು ಹೆಚ್ಚು, ಕ್ಯಾಲರಿ 430ರ ಹತ್ತಿರ, ಪ್ರೋಟೀನ್ ಸುಮಾರು 10 ಗ್ರಾಂ. ಆ ದಿನ ಡಬ್ಬಿಯಲ್ಲಿ ನಾಲ್ಕು ಕರಿಬೇವಿನ ಎಲೆಗಳು ಮಾತ್ರ ಮರಳಿ ಬಂದವು. ಮಗು ಮಂಗಳವಾರದಷ್ಟೇ ತೂಕದ ಊಟವನ್ನು ಉಂಡಿತ್ತು, ಆದರೆ ಮೈಗೆ ಸೇರಿದ್ದು ಎರಡು ಪಟ್ಟಿಗಿಂತ ಹೆಚ್ಚು.

ಇದರ ಗುಟ್ಟು ನೀರಿನಲ್ಲಿದೆ. ಬೆಂದ ಅನ್ನದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ನೀರು. ಸಾರು, ಮಜ್ಜಿಗೆ, ತಿಳಿಯಾದ ಪಲ್ಯದ ರಸ ಎಲ್ಲವೂ ಆ ನೀರನ್ನು ಇನ್ನೂ ಹೆಚ್ಚಿಸುತ್ತವೆ. ಎಣ್ಣೆ, ತುಪ್ಪ, ಕಡಲೆಕಾಯಿ, ಎಳ್ಳು, ಕೊಬ್ಬರಿ ಇವುಗಳಲ್ಲಿ ನೀರಿನ ಅಂಶ ಬಹಳ ಕಡಿಮೆ, ಕೊಬ್ಬು ಹೆಚ್ಚು, ಆದ್ದರಿಂದ ಒಂದು ಚಮಚದಲ್ಲಿಯೇ ಲೆಕ್ಕ ಏರುತ್ತದೆ. “ಮಗುವಿಗೆ ಎಣ್ಣೆ ಜಾಸ್ತಿಯಾಗುವುದಿಲ್ಲವೇ” ಎಂದು ಬಹಳ ಜನ ಅಂಜುತ್ತಾರೆ. ಈ ವಯಸ್ಸಿಗೆ ದಿನಕ್ಕೆ ಸುಮಾರು ಐದು ಚಹಾ ಚಮಚ ಎಣ್ಣೆ-ತುಪ್ಪ ಸಲ್ಲುತ್ತದೆ. ಅದರಲ್ಲಿ ಎರಡು ಡಬ್ಬಿಗೆ ಹೋದರೆ ಹೆಚ್ಚಾಗುವುದಿಲ್ಲ. ಮನೆಯಲ್ಲಿ ದೊಡ್ಡವರಿಗೆ ವೈದ್ಯರು ಎಣ್ಣೆ ಕಡಿಮೆ ಮಾಡಲು ಹೇಳಿದ್ದಾರೆಂದು ಅದೇ ಒಗ್ಗರಣೆಯಲ್ಲಿ ಮಗುವಿನ ಡಬ್ಬಿಯನ್ನೂ ತುಂಬುವ ಮನೆಗಳಲ್ಲಿ ನಾನು ಈ ಕೊರತೆಯನ್ನು ಹೆಚ್ಚಾಗಿ ಕಂಡಿದ್ದೇನೆ.

ಚಪಾತಿಯ ದಿನವೂ ಇದೇ ನಿಯಮವನ್ನು ಅನ್ವಯಿಸಬಹುದು. 30 ಗ್ರಾಂ ಹಿಟ್ಟಿನ, ಅರ್ಧ ಚಮಚ ಎಣ್ಣೆ ಹಾಕಿ ಬೇಯಿಸಿದ ಚಪಾತಿ 120 ಕ್ಯಾಲರಿ. ಎರಡು ಚಪಾತಿ ಮತ್ತು ಸ್ವಲ್ಪ ಪಲ್ಯ ಎಂದರೆ 300. ಮೂರನೆಯ ಚಪಾತಿ ಇಟ್ಟರೆ ಅದು ಒಣಗಿ ಮರಳಿ ಬರುತ್ತದೆ, ಏಕೆಂದರೆ ಆರಿದ ಚಪಾತಿಯನ್ನು ಅಗಿಯಲು ಹೊತ್ತು ಹಿಡಿಯುತ್ತದೆ, ಬಿಡುವು ಅಷ್ಟರಲ್ಲಿ ಮುಗಿದಿರುತ್ತದೆ. ಅದರ ಬದಲು ಉತ್ತರ ಕರ್ನಾಟಕದ ಮನೆಗಳಲ್ಲಿ ಮಾಡುವಂತೆ ಎರಡೇ ಚಪಾತಿಗೆ ಒಂದು ಚಮಚ ತುಪ್ಪ ಸವರಿ, ಮೂರು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿ ಸುರುಳಿ ಸುತ್ತಿದರೆ ಇನ್ನೂ 125 ಸೇರುತ್ತದೆ, ಸುರುಳಿ ಮೆತ್ತಗೂ ಉಳಿಯುತ್ತದೆ. ಖಾರ ಕಡಿಮೆ ಇರುವ ಪುಡಿಯನ್ನು ಮಕ್ಕಳಿಗಾಗಿ ಬೇರೆಯಾಗಿ ಮಾಡಿಟ್ಟುಕೊಳ್ಳಿ. ತರಗತಿಯಲ್ಲಿ ಯಾರಿಗಾದರೂ ಕಡಲೆಕಾಯಿಯ ಅಲರ್ಜಿ ಇದ್ದು ಶಾಲೆ ಬೇಡವೆಂದಿದ್ದರೆ, ಹುರಿದ ಎಳ್ಳು ಮತ್ತು ಹುರಿಗಡಲೆಯ ಪುಡಿ ಅದೇ ಕೆಲಸ ಮಾಡುತ್ತದೆ.

ಮೊಸರನ್ನ ಮಕ್ಕಳಿಗೆ ಪ್ರಿಯ, ಆದರೆ ಅದು ನೀರು ಹೆಚ್ಚಿರುವ ಊಟ. ಅದನ್ನು ಕಳಿಸುವ ದಿನ ಅನ್ನ ಬೆಚ್ಚಗಿರುವಾಗಲೇ ಗಟ್ಟಿ ಹಾಲು ಹಾಕಿ ಕಲಸಿ, ಒಂದೇ ಚಮಚ ಮೊಸರು ಬೆರೆಸಿದರೆ ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹುಳಿಯುತ್ತದೆ. ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಇಟ್ಟರೆ 75 ಕ್ಯಾಲರಿ, 6 ಗ್ರಾಂ ಪ್ರೋಟೀನ್ ಸೇರುತ್ತದೆ. ಮೊಟ್ಟೆ ತಿನ್ನದವರು ಒಂದು ಹಿಡಿ ಹುರಿಗಡಲೆಯನ್ನಾದರೂ ಕೊಡಬೇಕು.

ಚಿಕ್ಕ ಬಿಡುವಿಗೆ ಒಂದು ಏಲಕ್ಕಿ ಬಾಳೆಹಣ್ಣು ಮತ್ತು ಎರಡು ಸಣ್ಣ ತುಂಡು ಕಡಲೆಮಿಠಾಯಿ ಸಾಕು, 150ರ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಕ್ರೀಮ್ ಬಿಸ್ಕತ್ತಿನ ಇಡೀ ಪೊಟ್ಟಣ ಕಳಿಸಿದ ದಿನ ಊಟದ ಡಬ್ಬಿ ಉಳಿದೇ ಉಳಿಯುತ್ತದೆ.

“ಬೆಳೆಯುವ ಮಗು, ಎಷ್ಟು ತಿಂದರೂ ಸಾಲದು” ಎಂಬ ಮಾತಿನ ಬಗ್ಗೆಯೂ ಒಂದು ವಿವರಣೆ ಬೇಕು. ಮೈ ಒಂದು ಗ್ರಾಂ ಬೆಳೆಯುವಾಗ ಅದರಲ್ಲಿ ಶೇಖರವಾಗುವುದು ಸುಮಾರು 2 ಕ್ಯಾಲರಿ. ಈ ವಯಸ್ಸಿನ ಮಗು ವರ್ಷಕ್ಕೆ ಎರಡೂವರೆ ಕಿಲೋ ಹೆಚ್ಚಾದರೆ, ದಿನಕ್ಕೆ ಹಂಚಿದಾಗ ಅದು 14 ಕ್ಯಾಲರಿ. ಅರ್ಧ ಚಮಚ ತುಪ್ಪಕ್ಕೂ ಕಡಿಮೆ. ಉಳಿದದ್ದೆಲ್ಲ ಉಸಿರಾಟ, ಹೃದಯ, ಮಿದುಳು, ಓಟ, ಆಟಗಳಿಗೆ ಖರ್ಚಾಗುತ್ತದೆ. ಹೀಗಾಗಿ ಡಬ್ಬಿ ಕಡಿಮೆಯಾದಾಗ ಎತ್ತರ ತಕ್ಷಣ ನಿಲ್ಲುವುದಿಲ್ಲ. ಮೊದಲು ಮಗು ಆಟ ಕಡಿಮೆ ಮಾಡುತ್ತದೆ, ಕೊನೆಯ ಪೀರಿಯಡ್ಡಿನಲ್ಲಿ ತೂಕಡಿಸುತ್ತದೆ, ಸಂಜೆ ಸಿಡಿಮಿಡಿಗೊಳ್ಳುತ್ತದೆ. ತೂಕದಲ್ಲಿ ಕಾಣಿಸಿಕೊಳ್ಳಲು ತಿಂಗಳುಗಳು ಬೇಕು. ಮೂರು ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ, ಎತ್ತರವನ್ನು ಗೋಡೆಗೆ ನಿಲ್ಲಿಸಿ ಗುರುತು ಹಾಕಿ. ಎರಡು ಸಲ ತೂಕ ಏರದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

1700 ಎಂಬುದು ಆ ವಯಸ್ಸಿನ ಸರಾಸರಿ, ನಿಮ್ಮ ಮಗಳ ಸಂಖ್ಯೆಯಲ್ಲ. 21 ಕಿಲೋ ತೂಗುವ, ಹೆಚ್ಚು ಓಡಾಡದ ಮಗುವಿಗೆ ಊಟದ ಡಬ್ಬಿಯಲ್ಲಿ 380 ಸಾಕಾಗಬಹುದು. ದಿನವೂ ಖೋ-ಖೋ ಅಭ್ಯಾಸಕ್ಕೆ ನಿಲ್ಲುವವಳಿಗೆ 550 ಬೇಕಾದೀತು. ಎತ್ತರಕ್ಕಿಂತ ತೂಕ ಮುಂದೆ ಓಡುತ್ತಿರುವ ಮಗುವಿಗೆ ಮೇಲಿನ ತುಪ್ಪ-ಕಡಲೆಕಾಯಿಯ ಉಪಾಯ ಸಲ್ಲದು. ಅಂಥವರಿಗೆ ತರಕಾರಿ, ಸಾರು, ಮಜ್ಜಿಗೆಗಳೇ ಡಬ್ಬಿಯಲ್ಲಿ ಹೆಚ್ಚಾಗಿರಬೇಕು.

ಇನ್ನೊಂದು ವಿಷಯ ಡಬ್ಬಿಯದೇ. ಒಂದನೇ ತರಗತಿಗೆ ಕೊಂಡ 350 ಮಿಲಿಲೀಟರಿನ ಸ್ಟೀಲ್ ಡಬ್ಬಿಯನ್ನೇ ಆರನೇ ತರಗತಿಯವರೆಗೂ ತುಂಬಿ ಕಳಿಸುವ ಮನೆಗಳಿವೆ. 10ರಿಂದ 12 ವರ್ಷದ ಹುಡುಗಿಗೆ ದಿನಕ್ಕೆ 2060, ಹುಡುಗನಿಗೆ 2220 ಕ್ಯಾಲರಿ ಬೇಕು. ಆರರಿಂದ ಎಂಟನೇ ತರಗತಿಯ ಬಿಸಿಯೂಟದ ಅಳತೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನ್‌ಗೆ ಏರುತ್ತದೆ. ಹೆಣ್ಣುಮಕ್ಕಳು ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಎತ್ತರಕ್ಕೆ ಹೊರಡುವುದರಿಂದ, ನಿಮ್ಮ ಮಗಳು ಐದನೇ ತರಗತಿಗೆ ಬಂದಾಗ, ಸಾಲು ಸಾಲು ದಿನ ಡಬ್ಬಿ ಕರಿಬೇವಿನೆಲೆಯೂ ಉಳಿಯದಂತೆ ಖಾಲಿಯಾಗಿ ಬರತೊಡಗಿದರೆ, 500 ಮಿಲಿಲೀಟರಿನ ಡಬ್ಬಿ ಕೊಳ್ಳಿ ಮತ್ತು ಮತ್ತೊಮ್ಮೆ ಐದು ದಿನ ತೂಗಿ ನೋಡಿ.