ನಳಿಕೆಯಲ್ಲಿ ನಿಂತದ್ದು, ಹನಿಯಲ್ಲಿ ಓಡಿದ್ದು

ಕಾಸರಗೋಡಿನ ನಮ್ಮ ಲ್ಯಾಬಿನ ವರದಿ ತಂತ್ರಾಂಶದಲ್ಲಿ ಬ್ಯಾಕ್ಟೀರಿಯಾದ ಚಲನೆಗೆ ಇರುವುದು ಎರಡೇ ಆಯ್ಕೆ: ಇದೆ, ಇಲ್ಲ. ಮಧುಮೇಹಿಯೊಬ್ಬರ ಕಾಲಿನ ಹುಣ್ಣಿನ ಕೀವಿನಿಂದ ಬಂದ ಕಲ್ಚರಿಗೆ ತರಬೇತಿಯ ಹುಡುಗಿ ‘ಇಲ್ಲ’ ಎಂದು ಒತ್ತಲು ಹೊರಟಿದ್ದಳು. ಮೃದು ಅಗರ್‌ನ ನಳಿಕೆಯಲ್ಲಿ ಮೇಲ್ಭಾಗದಲ್ಲಷ್ಟೇ ಮಬ್ಬಿತ್ತು; ಬ್ಯಾಕ್ಟೀರಿಯಾವನ್ನು ಸೂಜಿಯಿಂದ ಚುಚ್ಚಿ ಇಳಿಸಿದ ಸ್ಟ್ಯಾಬ್ ಗೆರೆಯ ಕೆಳಭಾಗ ಸ್ವಚ್ಛವಾಗಿತ್ತು. ಆದರೆ ಪ್ಲೇಟಿನಲ್ಲಿ ಹಸಿರು ಬಣ್ಣ, ದ್ರಾಕ್ಷಿಯಂಥ ವಾಸನೆ, ಆಕ್ಸಿಡೇಸ್ ಪಾಸಿಟಿವ್. ಎಲ್ಲವೂ ಸೂಡೊಮೊನಾಸ್ ಎರುಜಿನೋಸಾ ಎನ್ನುತ್ತಿದ್ದವು, ಮತ್ತು ಅದು ಈಜುವ ಜೀವಿ.

ವರದಿ ಆಗಲೇ ತಡವಾಗಿದೆ, ನಳಿಕೆಯ ಓದೇ ಅಂತಿಮ ಎಂಬುದು ನಮ್ಮ ಮೇಲ್ವಿಚಾರಕರ ನಿಲುವು. “ಸರ್, ಒಂದು ಹನಿ ನೋಡಿಬಿಡೋಣ” ಎಂದು ಹೇಳಿ, ಬ್ಯಾಕ್ಟೀರಿಯಾ ಹೊಸದಾಗಿ ಬೆಳೆದ ದ್ರವ ಮಾಧ್ಯಮದ, ಅಂದರೆ ಬ್ರಾತ್‌ನ, ಹನಿಯನ್ನು ಕವರ್‌ಸ್ಲಿಪ್ಪಿನ ಮೇಲಿಟ್ಟು, ಅಂಚಿಗೆ ವ್ಯಾಸಲಿನ್ ಹಚ್ಚಿ, ಕ್ಯಾವಿಟಿ ಸ್ಲೈಡಿನ ಮೇಲೆ ಮಗುಚಿ ಹಾಕಿದೆ. ಕಂಡೆನ್ಸರ್ ಇಳಿಸಿ ಬೆಳಕು ಕಡಿಮೆ ಮಾಡದಿದ್ದರೆ ಬಣ್ಣ ಹಾಕದ ಬ್ಯಾಕ್ಟೀರಿಯಾ ಕಣ್ಣಿಗೇ ಬೀಳುವುದಿಲ್ಲ. ಮೊದಲು ಕಂಡದ್ದು ಒಂದೇ ದಿಕ್ಕಿಗೆ ತೇಲುತ್ತಿದ್ದ ಹಿಂಡು. ಐಪೀಸಿನಲ್ಲಿ ಇಣುಕಿದ ಮೇಲ್ವಿಚಾರಕರು “ಓಡ್ತಾ ಇದೆಯಲ್ಲ, ಹಾಕಿಬಿಡಿ” ಎಂದರು. ಎಲ್ಲವೂ ಒಟ್ಟಾಗಿ ಸಾಗಿದರೆ ಅದು ದ್ರವದ ಹರಿವು, ಈಜಲ್ಲ. ಇದ್ದಲ್ಲೇ ನಡುಗಿದರೆ ಅದು ದ್ರವದ ಅಣುಗಳು ತಳ್ಳುವುದರಿಂದಾಗುವ ಬ್ರೌನಿಯನ್ ಚಲನೆ, ಅದೂ ಈಜಲ್ಲ. ಹರಿವು ನಿಲ್ಲುವವರೆಗೆ ನಾನು ಸ್ಲೈಡನ್ನು ಮುಟ್ಟಲಿಲ್ಲ, ಅವರು ಗಡಿಯಾರ ನೋಡುವುದನ್ನು ಬಿಡಲಿಲ್ಲ. ಕೊನೆಗೆ ಹನಿಯ ಅಂಚಿನಲ್ಲಿ ಒಂದು ಬ್ಯಾಕ್ಟೀರಿಯಾ ನೆರೆಯವುಗಳನ್ನು ಅಡ್ಡಹಾಯ್ದು ನೇರ ಸಾಗಿ, ಥಟ್ಟನೆ ಬಂದ ದಾರಿಯಲ್ಲೇ ಹಿಂದಿರುಗಿತು. ಅದರ ಹಿಂದೆ ಇನ್ನೂ ಹಲವು ಹಾಗೆಯೇ ಓಡಾಡತೊಡಗಿದವು. ಈ ಜೀವಿ ಆಮ್ಲಜನಕದ ಕಡೆಗೆ ಸಾಗುವುದರಿಂದ ಹುಡುಕಬೇಕಾದ್ದು ಹನಿಯ ಅಂಚಿನಲ್ಲೇ.

ಹಾಗಾದರೆ ನಳಿಕೆಯಲ್ಲಿ ಏಕೆ ಇಳಿಯಲಿಲ್ಲ ಎಂದು ಹುಡುಗಿ ಕೇಳಿದಳು. ನಳಿಕೆ ಈಜಲು ಬಳಸುವ ಬಾಲದಂಥ ಕಶಾಂಗವನ್ನು ಮಾತ್ರ ಪರೀಕ್ಷಿಸುವುದಿಲ್ಲ, ದಿಕ್ಕಿನ ಅರಿವನ್ನೂ ಬೆಳವಣಿಗೆಯನ್ನೂ ಪರೀಕ್ಷಿಸುತ್ತದೆ. ಮೈತುಂಬ ಕಶಾಂಗಗಳಿರುವ ಇ. ಕೋಲಿಯಲ್ಲಿ ಅವು ಅಪ್ರದಕ್ಷಿಣವಾಗಿ ತಿರುಗಿದಾಗ ಒಂದು ಕಟ್ಟಾಗಿ ಕೂಡಿಕೊಂಡು ಜೀವಿಯನ್ನು ಮುಂದೂಡುತ್ತವೆ. ಕೆಲವು ಪ್ರದಕ್ಷಿಣವಾಗಿ ತಿರುಗಿದರೆ ಕಟ್ಟು ಬಿಚ್ಚಿ ಜೀವಿ ಉರುಳಿ ದಿಕ್ಕು ಬದಲಿಸುತ್ತದೆ. ಆಹಾರ ಹೆಚ್ಚಿರುವ ಕಡೆ ಸಾಗುತ್ತಿರುವಾಗ ಈ ಉರುಳಾಟ ಕಡಿಮೆಯಾಗುತ್ತದೆ. ಅದು ಸುತ್ತಲಿನ ಆಹಾರವನ್ನು ತಿಂದು ಮುಗಿಸಿ, ತಾನೇ ಸೃಷ್ಟಿಸಿದ ಏರುಪೇರನ್ನು ಹಿಡಿದು ಇನ್ನೂ ತಿನ್ನದ ಕಡೆಗೆ ಈಜುವುದರಿಂದಲೇ 0.4 ಶೇಕಡಾ ಅಗರ್‌ನಲ್ಲಿ ಮಬ್ಬು ಹರಡುತ್ತದೆ. ಈ ದಿಕ್ಕಿನ ಅರಿವು ಕೆಟ್ಟ ಮ್ಯುಟೆಂಟ್‌ಗಳು ಹನಿಯಲ್ಲಿ ಚೆನ್ನಾಗಿ ಈಜಿದರೂ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ.

ಸೂಡೊಮೊನಾಸ್‌ಗೆ ಸಾಮಾನ್ಯವಾಗಿ ಒಂದು ತುದಿಯಲ್ಲಿ ಒಂದೇ ಕಶಾಂಗ. ತಿರುಗಣೆ ಬದಲಾದಾಗ ಅದು ಹಿಂದಕ್ಕೆ ಈಜುತ್ತದೆ. ನೈಟ್ರೇಟ್ ಇಲ್ಲದ ನಮ್ಮ ಮಾಧ್ಯಮದ ಆಳದಲ್ಲಿ ಗಾಳಿಯಿಲ್ಲದೆ ಅದು ಬೆಳೆಯದು, ಬೆಳೆಯದಿದ್ದರೆ ಕಾಣಿಸದು. ಹೀಗಾಗಿ ಇಂಥ ಜೀವಿಯಲ್ಲಿ ಸ್ಟ್ಯಾಬ್ ಗೆರೆಯನ್ನಲ್ಲ, ಮೇಲ್ಮೈ ಕೆಳಗಿನ ಮಬ್ಬು ಬದಿಗೆ ಹರಡಿದೆಯೇ ಎಂಬುದನ್ನು ನೋಡಬೇಕು, ಅನುಮಾನವಿದ್ದರೆ ಹನಿ ಹಾಕಬೇಕು. ಹನಿಯ ಫಲಿತಾಂಶಕ್ಕೆ ತಂತ್ರಾಂಶದಲ್ಲಿ ಪ್ರತ್ಯೇಕ ಜಾಗ ಕೇಳಿ ಪತ್ರ ಬರೆದೆವು. ಉತ್ತರ ಬರುವವರೆಗೆ ಅದನ್ನು ಷರಾ ಕಾಲಮಿನಲ್ಲಿ ತುರುಕುತ್ತಿದ್ದೇವೆ.