ಬೇಸಿಗೆಯಲ್ಲಿ ಬೆಣ್ಣೆ ಯಾಕೆ ಕೂಡಲ್ಲ?

ದಾವಣಗೆರೆಯ ಏಪ್ರಿಲ್ ಅಂದ್ರೆ ಗೊತ್ತಲ್ಲ, ಬೆಳಿಗ್ಗೆ ಹತ್ತಕ್ಕೇ ಅಡುಗೆಮನೆ ಕಾದಿರುತ್ತದೆ. ಅಂಥ ಹೊತ್ತಲ್ಲಿ ಪಕ್ಕದ ಮನೆಯ ಅಕ್ಕ ಕರೆದರು. "ಆಗಿಂದ ಕಡೀತಾನೇ ಇದೀನಿ, ಬೆಣ್ಣೆ ಕೂಡ್ತಾನೇ ಇಲ್ಲ ನೋಡಮ್ಮ."

ಎಮ್ಮೆ ಹಾಲಿನ ಕೆನೆಮೊಸರು, ಸುಮಾರು ಎರಡು ಲೀಟರ್. ಪಾತ್ರೆ ಮುಟ್ಟಿದರೆ ತಂಪೇ ಇಲ್ಲ. ಮೇಲೆ ಎಣ್ಣೆಯ ಹೊಳಪು, ಅಂಚಿನಲ್ಲಿ ಸಣ್ಣ ರವೆಯಂಥ ಕಾಳು. ಬೆರಳಲ್ಲಿ ಉಜ್ಜಿದರೆ ಕಾಳು ಉಳಿಯಲಿಲ್ಲ, ಜಿಡ್ಡಾಗಿ ಹರಡಿತು. ಇನ್ನು ಎಷ್ಟು ಕಡೆದರೂ ಸುಮ್ನೆ ಕೈನೋವು.

ಬೆಣ್ಣೆ ಕೂಡಬೇಕಾದರೆ ಜಿಡ್ಡು ಅರ್ಧ ಗಟ್ಟಿ, ಅರ್ಧ ಮೆತ್ತಗೆ ಇರಬೇಕು. ಆಗ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ. ಮೊಸರು 30 ಡಿಗ್ರಿ ದಾಟಿದರೆ ಜಿಡ್ಡು ಬಹುಪಾಲು ಕರಗಿರುತ್ತದೆ. ಕಡೆದಷ್ಟೂ ಅದು ಒಡೆದು ಮಜ್ಜಿಗೆಯಲ್ಲೇ ಸೇರುತ್ತದೆ. ಮನೆಯ ಕಡೆತಕ್ಕೆ 15ರಿಂದ 20 ಡಿಗ್ರಿ ಒಳ್ಳೆಯದು. ಥರ್ಮಾಮೀಟರ್ ಬೇಡ, ಮುಟ್ಟಿದರೆ ಹೂಜಿ ನೀರಿನಷ್ಟು ತಂಪಿದ್ದರೆ ಸಾಕು.

ಕಡೆಯೋದು ನಿಲ್ಲಿಸಿ, ಪಾತ್ರೆಯನ್ನು ಐಸ್ ಹಾಕಿದ ನೀರಿನ ಬೇಸಿನ್‌ನಲ್ಲಿ ಅರ್ಧ ತಾಸು ಇಟ್ಟೆವು. ಆಮೇಲೆ ಅರ್ಧ ಲೀಟರ್ ತಣ್ಣೀರು ಹಾಕಿದೆವು. ನೀರು ತಂಪು ಮಾಡುವುದಷ್ಟೇ ಅಲ್ಲ. ಅವರ ಮೊಸರು ಗಟ್ಟಿಯಾಗಿತ್ತು. ಗಟ್ಟಿ ಮೊಸರಲ್ಲಿ ಹನಿಗಳು ಓಡಾಡುವುದೇ ಇಲ್ಲ, ಕಡಗೋಲು ಒಂದೇ ಕಡೆ ತಿರುಗುತ್ತದೆ. ಹಾಗಂತ ಜಾಸ್ತಿ ಸುರಿದರೆ ಹನಿಗಳು ದೂರ ದೂರವಾಗಿ ಡಿಕ್ಕಿಯೇ ಆಗಲ್ಲ. ಆದ್ದರಿಂದ ಒಂದೇ ಸಲ ಬೇಡ.

ಮತ್ತೆ ಕಡೆಯುತ್ತಾ ಹೋದಂತೆ ಮೊದಲು ನೊರೆ ಎದ್ದಿತು. ಆಮೇಲೆ ನೊರೆ ಕುಸಿದು, ಕಡಗೋಲಿನ ಸದ್ದು ದಪ್ಪದಿಂದ ಚಳಪಳಕ್ಕೆ ತಿರುಗಿತು. ಸಾಸಿವೆಯಷ್ಟು ಕಾಳುಗಳು ತೇಲಿದವು. ಇದೇ ಮುಖ್ಯ ಘಟ್ಟ. ಇಲ್ಲಿ ಜೋರಾಗಿ ಕಡೆದರೆ ಮಜ್ಜಿಗೆ ಬೆಣ್ಣೆಯೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು ಲೋಟ ತಣ್ಣೀರು ಹಾಕಿ, ನಿಧಾನ ತಿರುಗಿಸಿದೆವು. ಕಾಳೆಲ್ಲ ಮುದ್ದೆಯಾಗಿ ಕೂಡಿತು.

ಪೂರ್ತಿ ಬರಲಿಲ್ಲ, ಮೊದಲೇ ಒಡೆದ ಜಿಡ್ಡು ಮಜ್ಜಿಗೆಯಲ್ಲೇ ಉಳಿದಿತ್ತು. ಮಜ್ಜಿಗೆಯನ್ನು ಫ್ರಿಜ್ಜಲ್ಲಿಟ್ಟರೆ ಮರುದಿನ ಮೇಲೆ ತೆಳ್ಳಗೆ ಜಿಡ್ಡಿನ ಪದರ ಕಟ್ಟಿತ್ತು. ಎಷ್ಟು ಬೆಣ್ಣೆ ಹೋಯಿತು ಅನ್ನೋದಕ್ಕೆ ಅದೇ ಲೆಕ್ಕ.

ಚಳಿಗಾಲದಲ್ಲಿ ಇದು ಉಲ್ಟಾ. ಫ್ರಿಜ್ಜಿಂದ ನೇರ ತೆಗೆದ ಮೊಸರಲ್ಲಿ ಜಿಡ್ಡು ಗಟ್ಟಿ, ಅಂಟಲ್ಲ, ಬರೀ ನೊರೆ ಉಕ್ಕುತ್ತದೆ. ಆಗ ಒಂದು ಲೋಟ ಉಗುರುಬೆಚ್ಚಗಿನ ನೀರು ಬೇಕು. ಇನ್ನು ಕೆನೆಯೇ ಕಟ್ಟದ ಹೋಮೋಜಿನೈಸ್ ಪ್ಯಾಕೆಟ್ ಹಾಲಾದರೆ, ಅದರ ಹನಿಗಳನ್ನು ಡೈರಿಯಲ್ಲೇ ತೀರಾ ಸಣ್ಣಗೆ ಒಡೆದಿರುತ್ತಾರೆ. ಅದಕ್ಕೆ ತಣ್ಣೀರೂ ಬಿಸಿನೀರೂ ಕೆಲಸ ಮಾಡಲ್ಲ.